‘ಹೇಳಿದ ಮ್ಯಾಲ ಏನಾಕ್ಕೈತ್ರಿ?’

ಹುಬ್ಬಳ್ಳಿಯ ಗೋಕುಲ ರಸ್ತೆ ಕೈಗಾರಿಕಾ ಪ್ರದೇಶದಲ್ಲಿ ವಾಲ್ವ್‌ಗಳ ಬಿಡಿಭಾಗ ತಯಾರಿಸುವ ಒಂದು ಕಾರ್ಖಾನೆಯಲ್ಲಿ ನಾನು ಕೆಲಸ ಮಾಡುತ್ತೇನೆ. ಎಚ್‌ಆರ್ ಮತ್ತು ಸೇಫ್ಟಿ ಎರಡೂ ನನ್ನದೇ. ಸುಮಾರು 140 ಜನ, ಮೂರು ಶಿಫ್ಟ್. ಮನಸ್ಸಿನ ಆರೋಗ್ಯದ ಬಗ್ಗೆ ಇಲ್ಲಿ ಎರಡು ಸಲ ಮಾತು ಏರ್ಪಡಿಸಿದೆ. ಮೊದಲನೆಯದರಿಂದ ಒಬ್ಬರಿಗೆ ನೋವೇ ಆಯಿತು. ಎರಡನೆಯದು ಕೆಲಸ ಮಾಡಿತು. ಎರಡರ ನಡುವೆ ಏನು ಬದಲಾಯಿತು ಅನ್ನುವುದನ್ನು ಬರೆಯುತ್ತಿದ್ದೇನೆ.

ಮೊದಲ ಸಲ ಅಕ್ಟೋಬರ್ 10ರಂದು ಮಾಡಿದೆ, ವಿಶ್ವ ಮಾನಸಿಕ ಆರೋಗ್ಯ ದಿನ ಅಂತ. ಕ್ಯಾಂಟೀನಿನಲ್ಲಿ ಪರದೆ ಕಟ್ಟಿ, ಹೊರಗಿನಿಂದ ಒಬ್ಬ ಡಾಕ್ಟರನ್ನು ಕರೆಸಿದೆ. ಮುಕ್ಕಾಲು ಗಂಟೆ ಚೆನ್ನಾಗಿ ಮಾತಾಡಿದರು. ಖಿನ್ನತೆ, ಆತಂಕ, ಲಕ್ಷಣಗಳು ಎಲ್ಲ ಬಂತು. ಕೊನೆಗೆ ‘ಯಾರಿಗಾದರೂ ಕೇಳೋದಿದೆಯಾ?’ ಅಂದರು. ಯಾರೂ ತುಟಿ ಬಿಚ್ಚಲಿಲ್ಲ. ಎಲ್ಲರೂ ಎದ್ದು ಹೋಗುವಾಗ ಪ್ಯಾಕಿಂಗ್ ವಿಭಾಗದ ಒಬ್ಬರು ಬಾಗಿಲ ಹತ್ತಿರ ಡಾಕ್ಟರ ಜೊತೆ ಎರಡು ನಿಮಿಷ ನಿಂತು ಮಾತಾಡಿದರು. ಅದನ್ನು ಎಲ್ಲರೂ ನೋಡಿದರು.

ಮರುದಿನ ಬೆಳಿಗ್ಗೆ ಹಾಜರಿ ಪಂಚಿಂಗ್ ಸಾಲಿನಲ್ಲಿ ಒಬ್ಬ ಸೂಪರ್‌ವೈಸರ್ ಅವರಿಗೆ ಕೂಗಿ ಹೇಳಿದರು: ‘ಏನಲೇ, ಧಾರವಾಡಕ್ಕ ಟಿಕೆಟ್ ತಗಸಿದೇನು?’ ಸಾಲಿನವರೆಲ್ಲ ನಕ್ಕರು. ನಮ್ಮ ಕಡೆ ಈ ಮಾತಿನ ಅರ್ಥ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಧಾರವಾಡದಲ್ಲಿ ಮಾನಸಿಕ ಆಸ್ಪತ್ರೆ ಇದೆ, ಈಗ ಅದನ್ನು ಡಿಮ್ಹಾನ್ಸ್ ಅನ್ನುತ್ತೇವೆ. ಎಷ್ಟೋ ಜನರಿಗೆ ಆಸರೆಯಾದ ಜಾಗ ಅದು. ಆದರೆ ಊರಿನ ಹೆಸರೇ ಬೈಗುಳವಾಗಿ ಉಳಿದುಬಿಟ್ಟಿದೆ. ಆ ಮನುಷ್ಯ ಆಮೇಲೆ ನನಗೆ ಸಿಕ್ಕಾಗ ‘ಗ್ಯಾಸ್ ಬಗ್ಗೆ ಕೇಳಿದ್ನಿರಿ ಮೇಡಂ, ಬ್ಯಾರೆ ಏನಿಲ್ಲ’ ಅಂದರು. ಅಷ್ಟೇ. ಮತ್ತೆ ಆ ಮಾತು ಎತ್ತಲಿಲ್ಲ.

ತಪ್ಪು ಎಲ್ಲಾಗಿದೆ ಅಂತ ಗೊತ್ತಾಗಿದ್ದು ನಮ್ಮ ಮಷೀನ್ ಶಾಪ್ ಫೋರ್‌ಮನ್‌ರಿಂದ. ಐವತ್ತರ ಹತ್ತಿರದ ವಯಸ್ಸು, ಎಲ್ಲರೂ ‘ಅಣ್ಣಾರ’ ಅಂತ ಕರೆಯುತ್ತಾರೆ. ಒಂದು ಸಂಜೆ ನನ್ನ ಕೋಣೆಗೆ ಬಂದು, ನಾಲ್ಕು ವರ್ಷದ ಹಿಂದೆ ತಮಗೂ ಹೀಗೆ ಆಗಿತ್ತು, ಹುಬ್ಬಳ್ಳಿಯ ಸರ್ಕಾರಿ ಆಸ್ಪತ್ರೆ ಕಿಮ್ಸ್‌ನಲ್ಲಿ ತೋರಿಸಿ ಒಂಬತ್ತು ತಿಂಗಳು ಮಾತ್ರೆ ತಗೊಂಡೆ ಅಂದರು. ನನಗೆ ಗೊತ್ತೇ ಇರಲಿಲ್ಲ. ‘ಅವತ್ತು ಯಾಕ ಯಾರೂ ಮಾತಾಡಲಿಲ್ಲ ಅಣ್ಣಾರ?’ ಅಂತ ಕೇಳಿದೆ. ಅವರು ಹೇಳಿದ್ದು ಇದು: ‘ಮೇಡಂ, ನಮ್ಮ ಮಂದಿಗೆ ರೋಗದ ಹೆದರಿಕಿ ಇಲ್ರಿ. ಹೇಳಿದ ಮ್ಯಾಲ ಏನಾಕ್ಕೈತಿ ಅನ್ನೂದರ ಹೆದರಿಕಿ.’

ಏನೇನು ಹೆದರಿಕೆ ಅಂತ ಇಬ್ಬರೂ ಕೂತು ಬರೆದೆವು. ಮಷೀನ್ ಕಿತ್ತುಕೊಂಡು ಪ್ಯಾಕಿಂಗಿಗೆ ಹಾಕಿದರೆ ಇನ್ಸೆಂಟಿವ್ ಹೋಗುತ್ತದೆ. ರಜೆ ಹಾಕಿದರೆ ಪಗಾರ ಹೋಗುತ್ತದೆ. ಸೂಪರ್‌ವೈಸರಿಗೆ ತಿಳಿದರೆ ಸಂಜೆಯೊಳಗೆ ಇಡೀ ಶಾಪಿಗೆ ತಿಳಿಯುತ್ತದೆ. ಹೆಂಡತಿ ಮನೆಯವರಿಗೆ, ಬೀಗರಿಗೆ ಗೊತ್ತಾದರೆ ಮುಂದೆ ಮಗಳ ಸಂಬಂಧಕ್ಕೆ ತೊಂದರೆ. ನಾನು ಕರೆಸಿದ ಡಾಕ್ಟರು ಇದ್ಯಾವುದಕ್ಕೂ ಉತ್ತರ ಕೊಡುವ ಹಾಗಿರಲಿಲ್ಲ. ಕೊಡಬೇಕಾದವರು ನಾವು, ಕಂಪನಿಯವರು.

ಆದ್ದರಿಂದ ಎರಡನೇ ಮಾತಿಗೆ ಮೊದಲು ಒಂದು ತಿಂಗಳು ಬರೀ ಉತ್ತರ ತಯಾರಿಸಿದೆ. ಕನ್ನಡದಲ್ಲಿ ಒಂದೇ ಪುಟ. ಯಾರಿಗೆ ಗೊತ್ತಾಗುತ್ತದೆ? ನನಗೆ ಮಾತ್ರ. ರಜೆ ಅರ್ಜಿಯಲ್ಲಿ ‘ಆಸ್ಪತ್ರೆ’ ಅಂತ ಬರೆದರೆ ಸಾಕು, ಯಾವ ವಿಭಾಗ ಅಂತ ಯಾರೂ ಕೇಳುವ ಹಾಗಿಲ್ಲ. ಡಾಕ್ಟರೂ ರೋಗಿಯ ಒಪ್ಪಿಗೆ ಇಲ್ಲದೆ ನಮಗೆ ಏನೂ ಹೇಳುವುದಿಲ್ಲ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯಲ್ಲಿ ಆ ಗೋಪ್ಯತೆ ರೋಗಿಯ ಹಕ್ಕು. ಪಗಾರದ ಪ್ರಶ್ನೆಗೆ ಕಾರ್ಮಿಕರ ಸರ್ಕಾರಿ ವಿಮೆ ಇಎಸ್‌ಐ ಇತ್ತು. ತಿಂಗಳಿಗೆ 21,000 ರೂಪಾಯಿವರೆಗೆ ಪಗಾರ ಇರುವವರು ಅದರೊಳಗೆ ಬರುತ್ತಾರೆ. ಕಂತು ಸರಿಯಾಗಿ ತುಂಬಿದ್ದರೆ, ಇಎಸ್‌ಐ ಡಾಕ್ಟರ ಸರ್ಟಿಫಿಕೇಟ್ ಮೇಲೆ ವರ್ಷಕ್ಕೆ 91 ದಿನದವರೆಗೆ ಪಗಾರದ ಶೇಕಡಾ 70 ಸಿಗುತ್ತದೆ. ಕಾಲು ಮುರಿದರೆ ಸಿಗುವ ಹಾಗೆಯೇ ಮನಸ್ಸಿನ ಕಾಯಿಲೆಗೂ ಸಿಗುತ್ತದೆ. ನಮ್ಮಲ್ಲಿ ಇದು ಹತ್ತರಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ.

ಜಗಳ ಆಗಿದ್ದು ಇನ್ಸೆಂಟಿವ್ ಬಗ್ಗೆ. ಡಾಕ್ಟರು ಹೇಳಿದ್ದಕ್ಕೆ ಒಬ್ಬರನ್ನು ಮಷೀನಿನಿಂದ ತಾತ್ಕಾಲಿಕವಾಗಿ ಬೇರೆ ಕಡೆ ಹಾಕಿದರೆ, ಎರಡು ತಿಂಗಳು ಹಳೆಯ ಇನ್ಸೆಂಟಿವೇ ಕೊಡಬೇಕು ಅಂದೆ. ‘ಎಲ್ಲರೂ ಇದನ್ನ ನೆಪ ಮಾಡ್ಕೋತಾರ’ ಅಂತ ಮ್ಯಾನೇಜರ್ ಒಪ್ಪಲಿಲ್ಲ. ನಾನು ಹಿಂದಿನ ವರ್ಷದ ರಿಜೆಕ್ಷನ್ ಲೆಕ್ಕ ತೆಗೆದು ಮುಂದಿಟ್ಟೆ. ನಿದ್ದೆಗೆಟ್ಟ ಒಬ್ಬ ಆಪರೇಟರ್ ಒಂದೇ ರಾತ್ರಿ ಕೆಡಿಸಿದ ವಾಲ್ವ್ ಬಾಡಿಗಳ ಬೆಲೆ, ಎರಡು ತಿಂಗಳ ಇನ್ಸೆಂಟಿವಿಗಿಂತ ಜಾಸ್ತಿ ಇತ್ತು. ಆಗ ಸಹಿ ಹಾಕಿದರು. ಈ ಸಹಿ ಇಲ್ಲದೆ ಎರಡನೇ ಮಾತು ಮಾಡಿದ್ದರೆ ಅದು ಮೊದಲಿನದರ ಹಾಗೇ ಆಗುತ್ತಿತ್ತು.

ಈ ಸಲ ಕ್ಯಾಂಟೀನ್ ಬೇಡ ಅಂದೆ, ಪರದೆಯೂ ಬೇಡ. ಶಿಫ್ಟ್ ಶುರುವಾಗುವ ಮೊದಲು ನಮ್ಮಲ್ಲಿ ದಿನಾ ಸೇಫ್ಟಿ ಮಾತು ಇರುತ್ತದೆ. ಮಷೀನುಗಳ ಪಕ್ಕದಲ್ಲೇ ಹನ್ನೆರಡು–ಹದಿನೈದು ಜನ ನಿಂತು ಹತ್ತು ನಿಮಿಷ ಕೇಳುತ್ತಾರೆ. ಅಲ್ಲೇ ಮಾಡಿದೆವು. ಮಾತಾಡಿದವರು ಫೋರ್‌ಮನ್ ಅಣ್ಣಾರು. ಅವರನ್ನು ನಾನು ಒತ್ತಾಯಿಸಲಿಲ್ಲ, ಮನೆಯಲ್ಲಿ ಕೇಳಿಕೊಂಡು ಬನ್ನಿ ಅಂದಿದ್ದೆ. ಮೂರೇ ವಿಷಯ ಹೇಳಿ ಅಂತ ಮಾತಾಡಿಕೊಂಡಿದ್ದೆವು: ಹೇಗೆ ಶುರುವಾಯಿತು, ಮೊದಲು ಯಾರಿಗೆ ಹೇಳಿದಿರಿ, ಆಮೇಲೆ ಏನಾಯಿತು. ಎಲ್ಲಕ್ಕಿಂತ ಕೆಟ್ಟ ರಾತ್ರಿಯ ವಿವರ ಬೇಡ ಅಂದಿದ್ದೆ. ಅದನ್ನು ಕೇಳಿ ಅದೇ ಸ್ಥಿತಿಯಲ್ಲಿರುವವರಿಗೆ ಇನ್ನೂ ಭಾರ ಆಗಬಹುದು.

‘ಮೂರು ಗಂಟೆಗೆ ಎಚ್ಚರ ಆಗ್ತಿತ್ತು. ಆಮ್ಯಾಲೆ ನಿದ್ದಿ ಇಲ್ಲ. ರೊಟ್ಟಿ ಗಂಟಲಾಗ ಇಳೀತಿರಲಿಲ್ಲ. ಎದಿ ಧಸಕ್ ಅಂತಿತ್ತು, ಹಾರ್ಟ್ ಅಂತ ಮಾಡಿ ಎರಡು ಸಲ ಇಸಿಜಿ ತಗಸಿದೆ. ನಾರ್ಮಲ್ ಬಂತು. ಕಡೀಕ ನನ್ನ ತಮ್ಮಗ ಹೇಳಿದೆ. ಮಾತ್ರೆ ಸುರು ಮಾಡಿದ ಮೊದಲ ವಾರ ಬಾಯಿ ಒಣಗತಿತ್ತು, ಹೊಟ್ಟಿ ತೊಳಸತಿತ್ತು. ಬಿಟ್ಟಬಿಡಬೇಕು ಅನಿಸಿತ್ತು. ಮೂರು ವಾರಕ್ಕ ಮನಸು ಹಗುರಾತು. ನಾ ಇನ್ನೂ ಇಲ್ಲೇ ಫೋರ್‌ಮನ್ ಅದೀನಿ.’ ಇಷ್ಟೇ ಅವರ ಮಾತು. ಯಾರೂ ನಗಲಿಲ್ಲ.

ಆಮೇಲೆ ನಾನು ಎರಡು ನಿಮಿಷ ಮಾತಾಡಿದೆ. ‘ಖಿನ್ನತೆ’ ಅನ್ನುವ ಶಬ್ದವನ್ನೇ ಬಳಸಲಿಲ್ಲ. ನಮ್ಮ ಜನ ಅದನ್ನು ತಲೆನೋವು, ಗ್ಯಾಸ್, ನಿಶ್ಶಕ್ತಿ, ‘ಯಾಕೋ ಬ್ಯಾಸರಾಗೇತಿ’ ಅಂತಲೇ ಹೇಳುತ್ತಾರೆ. ನಿದ್ದೆ, ಊಟ, ಕೆಲಸದ ಮೇಲಿನ ಮನಸ್ಸು, ಈ ಮೂರೂ ಕೆಟ್ಟು ಎರಡು ವಾರ ಹಾಗೇ ಇದ್ದರೆ ಕಾಯಬೇಡಿ ಅಂದೆ. ಒಂದೆರಡು ದಿನದ ಬೇಸರ ಎಲ್ಲರಿಗೂ ಬರುತ್ತದೆ. ಎರಡು ವಾರ ಪೂರ್ತಿ, ದಿನದ ಹೆಚ್ಚು ಹೊತ್ತು ಇದ್ದರೆ ತೋರಿಸಬೇಕು. ಕಂಪನಿಯಲ್ಲಿ ಯಾರಿಗೂ ಹೇಳಲು ಮನಸ್ಸಿಲ್ಲದಿದ್ದರೆ ಸರ್ಕಾರದ ಸಹಾಯವಾಣಿ ಟೆಲಿ ಮಾನಸ್ ಇದೆ, 14416. ಹಗಲು ರಾತ್ರಿ ಯಾವಾಗ ಬೇಕಾದರೂ ಮಾಡಬಹುದು, ಕನ್ನಡದಲ್ಲಿ ಮಾತಾಡುತ್ತಾರೆ, ದುಡ್ಡಿಲ್ಲ. ಕೊನೆಗೆ ಆ ಒಂದು ಪುಟವನ್ನು ಎಲ್ಲರ ಕೈಗೂ ಕೊಟ್ಟೆ. ಗೋಡೆಗೆ ಅಂಟಿಸಲಿಲ್ಲ. ಗೋಡೆ ಮುಂದೆ ನಿಂತು ಓದುವವರನ್ನು ಉಳಿದವರು ನೋಡುತ್ತಾರೆ, ಅಲ್ವಾ?

ಹನ್ನೊಂದು ದಿನಕ್ಕೆ ಮೊದಲನೆಯವರು ಬಂದರು. ತಮಗಾಗಿ ಬಂದವರಲ್ಲ, ಪಕ್ಕದ ಸಿಎನ್‌ಸಿ ಆಪರೇಟರ್ ಬಗ್ಗೆ ಹೇಳಲು. ‘ಮೇಡಂ, ಅವನ ಡಬ್ಬಿ ಹಂಗ ವಾಪಸ್ ಹೋಗಾಕತ್ತೇತಿ.’ ಲೆಕ್ಕ ನೋಡಿದರೆ ಒಂದು ತಿಂಗಳಲ್ಲಿ ಮೂರು ಸೋಮವಾರ ರಜೆ. ಎಂದೂ ಸೈಜ್ ತಪ್ಪದ ಹುಡುಗ ಒಂದೇ ವಾರದಲ್ಲಿ ಎರಡು ಸಲ ಮಷೀನಿಗೆ ಕೊಡುವ ಆಫ್‌ಸೆಟ್ ಅಳತೆ ತಪ್ಪು ಹಾಕಿದ್ದ.

ಅವನನ್ನು ಕರೆದು ‘ನಿನಗೇನಾಗೇತಿ?’ ಅಂತ ಕೇಳಲಿಲ್ಲ. ಹಾಗೆ ಕೇಳಿದರೆ ‘ಏನಿಲ್ರಿ’ ಅಂತಲೇ ಉತ್ತರ ಬರುತ್ತದೆ. ಕಣ್ಣಿಗೆ ಕಂಡದ್ದನ್ನು ಹೇಳಿದೆ. ‘ತಮ್ಮಾ, ಎರಡು ವಾರದಿಂದ ಊಟ ಸರಿ ಮಾಡವಲ್ಲಿ. ನಿದ್ದಿ ಆಗ್ತದೇನು?’ ಅವನು ತಲೆ ತಗ್ಗಿಸಿ ಕೂತ. ಎಷ್ಟೋ ಹೊತ್ತು ನಾನೂ ಸುಮ್ಮನಿದ್ದೆ. ಆ ಸುಮ್ಮನಿರುವುದೇ ಕಷ್ಟ, ಏನಾದರೂ ಸಮಾಧಾನ ಹೇಳಿಬಿಡೋಣ ಅನ್ನಿಸುತ್ತದೆ. ಆಮೇಲೆ ಅವನೇ ಬಾಯಿ ಬಿಟ್ಟ. ನಿದ್ದೆ ಇಲ್ಲ, ಯಾವುದರಲ್ಲೂ ಮನಸ್ಸಿಲ್ಲ, ತಾನು ಮನೆಗೆ ಭಾರ ಅನ್ನಿಸುತ್ತಿದೆ ಅಂದ.

ಆಗ ನೇರವಾಗಿ ಕೇಳಿದೆ: ‘ಜೀವ ಕಳ್ಕೋಬೇಕು ಅಂತ ಅನಸ್ತದೇನು?’ ಕೇಳಿದರೆ ಇಲ್ಲದ ವಿಚಾರ ತಲೆಗೆ ಹೊಕ್ಕೀತು ಅಂತ ಬಹಳ ಜನ ಹೆದರುತ್ತಾರೆ. ಹಾಗಾಗುವುದಿಲ್ಲ. ಕೇಳಿದರೆ ಒಳಗಿದ್ದದ್ದು ಹೊರಗೆ ಬರಲು ದಾರಿಯಾಗುತ್ತದೆ. ಅವನು ‘ಒಮ್ಮೊಮ್ಮೆ ಅನಸ್ತೈತ್ರಿ. ಮಕ್ಕಳ ಮಾರಿ ನೋಡಿ ಬಿಡ್ತೀನಿ’ ಅಂದ. ಆ ಮಾತು ಕೇಳಿದ ಮೇಲೆ ಗುಟ್ಟಿಗೂ ಒಂದು ಮಿತಿ ಇದೆ. ಅದನ್ನೂ ಅವನಿಗೇ ಹೇಳಿದೆ: ‘ಇದನ್ನ ನಾನೊಬ್ಬಳೇ ಇಟ್ಕೊಳ್ಳಾಕ ಆಗೂದಿಲ್ಲ. ಮನ್ಯಾಗ ಯಾರಿಗೆ ಹೇಳೋಣು, ನೀನ ಹೇಳು.’ ಹೆಂಡತಿಗೆ ಅಂದ. ಅವನ ಮುಂದೆಯೇ ಫೋನ್ ಮಾಡಿದೆ. ಆಕೆ ಬರುವವರೆಗೆ ಅವನನ್ನು ಒಬ್ಬನೇ ಬಿಡಲಿಲ್ಲ. ನನ್ನ ಕೋಣೆಯಿಂದಲೇ 14416ಕ್ಕೂ ಮಾತಾಡಿಸಿದೆ. ಮನೆಯಲ್ಲಿ ರಾತ್ರಿ ಯಾರು ಜೊತೆಗಿರಬೇಕು ಅಂತ ಆಕೆಯ ಜೊತೆ ಕೂತು ಗೊತ್ತು ಮಾಡಿದೆವು.

ಮರುದಿನ ಎಲ್ಲಿಗೆ ಹೋಗುವುದು? ಡಿಮ್ಹಾನ್ಸ್ ಅಂದಕೂಡಲೇ ಅವನ ಮುಖ ಬದಲಾಯಿತು. ‘ಚಿಗರಿ ಬಸ್ಸಿನ್ಯಾಗ ನಮ್ಮೂರವರು ಇರ್ತಾರ್ರಿ.’ ಹುಬ್ಬಳ್ಳಿ–ಧಾರವಾಡ ನಡುವೆ ಓಡುವ ಬಸ್ಸು ಅದು. ನಾನು ವಾದ ಮಾಡಲಿಲ್ಲ. ವಿದ್ಯಾನಗರದ ಕಿಮ್ಸ್‌ನಲ್ಲೂ ಮನೋವೈದ್ಯರ ವಿಭಾಗ ಇದೆ. ಅಲ್ಲಿಗೆ ಜ್ವರ, ಹೆರಿಗೆ, ಮುರಿದ ಕೈ ಎಲ್ಲಕ್ಕೂ ಜನ ಬರುತ್ತಾರೆ. ಗೇಟಿನಲ್ಲಿ ನೋಡಿದವರಿಗೆ ಯಾವುದಕ್ಕೆ ಬಂದಿದ್ದಾನೆ ಅಂತ ತಿಳಿಯುವುದಿಲ್ಲ. ಮೊದಲ ಭೇಟಿಗೆ ಎಲ್ಲಕ್ಕಿಂತ ಮುಖ್ಯ ಅವನು ಹೋಗುವುದು. ಫೋರ್‌ಮನ್ ಅಣ್ಣಾರು ಜೊತೆಗೆ ಹೋದರು.

ಡಾಕ್ಟರು ಥೈರಾಯ್ಡ್ ಪರೀಕ್ಷೆ ಮಾಡಿಸಿ ಮಾತ್ರೆ ಬರೆದರು. ಶುರುವಿನಲ್ಲಿ ಮಂಪರು ಬರಬಹುದು, ಹತ್ತು ದಿನ ಮಷೀನ್ ಬೇಡ, ಸದ್ಯಕ್ಕೆ ರಾತ್ರಿ ಶಿಫ್ಟ್ ಬೇಡ ಅಂತ ಚೀಟಿ ಕೊಟ್ಟರು. ಚೀಟಿಯಲ್ಲಿ ಕಾಯಿಲೆಯ ಹೆಸರು ಇರಲಿಲ್ಲ. ನಮಗೆ ಬೇಕಾಗಿಯೂ ಇರಲಿಲ್ಲ, ಏನು ಮಾಡಬಹುದು, ಏನು ಮಾಡಬಾರದು ಅಂತ ಗೊತ್ತಾದರೆ ಸಾಕು. ಅವನನ್ನು ಇನ್‌ಸ್ಪೆಕ್ಷನ್ ಟೇಬಲಿಗೆ ಹಾಕಿದೆವು. ತಿಂಗಳ ಪಗಾರದಲ್ಲಿ ಇನ್ಸೆಂಟಿವ್ ಹಾಗೇ ಬಂತು. ಆ ಪಗಾರ ಚೀಟಿ ನೋಡಿದ ಮೇಲೆಯೇ ಇನ್ನಿಬ್ಬರು ನನ್ನ ಹತ್ತಿರ ಬಂದಿದ್ದು. ಅವನು ಆರನೇ ವಾರಕ್ಕೆ ತನ್ನ ಮಷೀನಿಗೆ ವಾಪಸಾದ. ಮಾತ್ರೆ ಇನ್ನೂ ನಡೆದಿದೆ.

ಎಲ್ಲ ಕಡೆ ಹೀಗಾಗಲಿಲ್ಲ. ಎರಡನೇ ಶಿಫ್ಟಿನಲ್ಲಿ ಅಣ್ಣಾರು ಇರಲಿಲ್ಲ ಅಂತ ಸೂಪರ್‌ವೈಸರ್ ಒಬ್ಬರು ನನ್ನ ಪುಟವನ್ನೇ ಓದಿ ಹೇಳಿದರು. ಅದೇ ಮಾತು, ಅದೇ ಹತ್ತು ನಿಮಿಷ. ಆ ಶಿಫ್ಟಿನಿಂದ ಇವತ್ತಿಗೂ ಯಾರೂ ಬಂದಿಲ್ಲ. ಅನುಭವಿಸಿದವರು ಎದುರಿಗೆ ನಿಂತು ಹೇಳುವುದಕ್ಕೂ ಓದಿ ಹೇಳುವುದಕ್ಕೂ ಅಷ್ಟು ವ್ಯತ್ಯಾಸ. ಇನ್ನು, ನನ್ನ ಹತ್ತಿರ ಬಂದ ಒಬ್ಬರಿಗೆ ಬೇಕಾಗಿದ್ದು ಡಾಕ್ಟರಲ್ಲ. ಸತತ ಮೂರು ವಾರ ಓವರ್‌ಟೈಮ್ ಮಾಡಿಸಿ ನಾವೇ ಅವರ ನಿದ್ದೆ ಕೆಡಿಸಿದ್ದೆವು. ಅದನ್ನು ಸರಿ ಮಾಡದೆ ಅವರಿಗೆ 14416 ಕೊಟ್ಟು ಕಳಿಸಿದ್ದರೆ ಅನ್ಯಾಯ ಆಗುತ್ತಿತ್ತು. ಅವರ ಶಿಫ್ಟ್ ಬದಲಾಯಿಸಿದೆವು.

ಪ್ಯಾಕಿಂಗಿನ ಆ ಮನುಷ್ಯ ಮಾತ್ರ ಇನ್ನೂ ನನ್ನ ಹತ್ತಿರ ಬಂದಿಲ್ಲ. ಅಂದು ಕೂಗಿದ ಸೂಪರ್‌ವೈಸರ್ ಜೊತೆ ನಾನು ಕೂತು ಮಾತಾಡಿದೆ, ಅವರು ಹೋಗಿ ತಪ್ಪಾಯಿತು ಅಂತ ಕೇಳಿಕೊಂಡರು. ಈಗ ಪ್ಯಾಕಿಂಗ್ ವಿಭಾಗದ ಮಾತಿಗೂ ಅಣ್ಣಾರೇ ಹೋಗಬೇಕು ಅಂತ ಗೊತ್ತು ಮಾಡಿದ್ದೇವೆ. ಮುಂದಿನ ಸೋಮವಾರ, ಬೆಳಗಿನ ಶಿಫ್ಟಿಗೆ.