ನಲವತ್ತು ಸೆಕೆಂಡಿನ ಬೆಳಗು: ಡಿಮ್ಮರ್‌ಗೆ ಲಘುಗಣಕ ಕಲಿಸಿದ ನನ್ನ ಅನುಭವ

ನಮ್ಮ ಹವ್ಯಾಸಿ ತಂಡದ ನಾಟಕವೊಂದರಲ್ಲಿ ಒಲೆಯ ಮುಂದೆ ರೊಟ್ಟಿ ತಟ್ಟುತ್ತ ಕುಳಿತ ತಾಯಿಯ ಹಿಂದೆ ನಿಧಾನವಾಗಿ ಬೆಳಗಾಗುವ ಒಂದು ದೃಶ್ಯವಿದೆ. ನಿರ್ದೇಶಕರು ಅದಕ್ಕೆ ನಲವತ್ತು ಸೆಕೆಂಡು ಕೊಟ್ಟಿದ್ದರು. ಹಳೆಯ ಹ್ಯಾಲೋಜನ್ ದೀಪಗಳನ್ನು ತೆಗೆದು ನಾನೇ ಜೋಡಿಸಿದ ಎಲ್‌ಇಡಿ ದೀಪಗಳನ್ನು ಹಾಕಿದ ಮೊದಲ ತಾಲೀಮಿನಲ್ಲಿ, ಆರ್ಡುಯಿನೊ ಎಂಬ ಪುಟ್ಟ ಕಂಪ್ಯೂಟರ್ ಬೋರ್ಡಿನಲ್ಲಿ, ದೀಪವನ್ನು ವೇಗವಾಗಿ ಮಿಡಿಸಿ ಮಿಡಿತದ ಅಗಲದಿಂದ ಬೆಳಕನ್ನು ಹೊಂದಿಸುವ `analogWrite` ಬಳಸಿ ಸೊನ್ನೆಯಿಂದ 255ರವರೆಗೆ ಸಮನಾಗಿ ಏರುವಂತೆ ಬರೆದಿದ್ದೆ. ಗುಂಡಿ ಒತ್ತಿ ಎರಡು ಸೆಕೆಂಡು ಆಗಿತ್ತೋ ಇಲ್ಲವೋ, ರಂಗವೆಲ್ಲ ಬೆಳಕಾಗಿತ್ತು. ಉಳಿದ ಮೂವತ್ತೆಂಟು ಸೆಕೆಂಡು ಏನೂ ನಡೆದಂತೆ ಕಾಣಲಿಲ್ಲ. ನಮ್ಮೂರಿನಲ್ಲಿ ಮೂವತ್ತು ವರ್ಷಗಳಿಂದ ನಾಟಕಗಳಿಗೆ ಬೆಳಕು ಮಾಡುತ್ತಿರುವ ಹಿರಿಯರೊಬ್ಬರು ಹಿಂದಿನ ಸಾಲಿನಿಂದಲೇ, "ಇದು ಬೆಳಗಾದದ್ದಲ್ಲ ಮಾರಾಯ, ಹೋದ ಕರೆಂಟು ಬಂದದ್ದು" ಎಂದರು. ಎಲ್‌ಇಡಿಯೇ ನಾಟಕಕ್ಕೆ ಒಗ್ಗುವ ವಸ್ತುವಲ್ಲ ಎಂಬುದು ಅವರ ಖಚಿತ ಅಭಿಪ್ರಾಯವಾಗಿತ್ತು.

ದೋಷ ದೀಪದ್ದಲ್ಲ, ಲೆಕ್ಕದ್ದು ಎಂದು ನನಗೆ ತಿಳಿದದ್ದು ಸುಮಾರು ಸಾವಿರದ ಎಂಟುನೂರು ರೂಪಾಯಿ ಕೊಟ್ಟು ಬೆಳಕನ್ನು ಅಳೆಯುವ ಒಂದು ಲಕ್ಸ್ ಮೀಟರ್ ತಂದ ಮೇಲೆ. ತಾಯಿ ಕೂರುವ ಜಾಗದಲ್ಲಿ ಪೂರ್ತಿ ಬೆಳಕಿಗೆ ಹೆಚ್ಚುಕಡಿಮೆ 800 ಲಕ್ಸ್ ಬರುತ್ತಿತ್ತು. ಅದನ್ನು ನಲವತ್ತು ಸೆಕೆಂಡಿಗೆ ಸಮನಾಗಿ ಹಂಚಿದರೆ ಸೆಕೆಂಡಿಗೆ 20 ಲಕ್ಸ್ ಏರಬೇಕು, ಮೀಟರೂ ಹಾಗೆಯೇ ತೋರಿಸಿತು. ಎರಡನೆಯ ಸೆಕೆಂಡಿನಲ್ಲಿ 20 ಇದ್ದದ್ದು 40 ಆಗುತ್ತದೆ, ಅಂದರೆ ಬೆಳಕು ದುಪ್ಪಟ್ಟಾಗುತ್ತದೆ. ಕೊನೆಯ ಸೆಕೆಂಡಿನಲ್ಲಿ 780 ಇದ್ದದ್ದು 800 ಆಗುತ್ತದೆ, ಅದು ಬರಿಯ ಎರಡೂವರೆ ಶೇಕಡಾ. ಮೀಟರಿಗೆ ಎರಡೂ ಅದೇ 20 ಲಕ್ಸ್, ಆದರೆ ಕಣ್ಣಿಗೆ ಮೊದಲನೆಯದು ದೊಡ್ಡ ನೆಗೆತ, ಎರಡನೆಯದು ಕಂಡೂ ಕಾಣದಷ್ಟು ಸಣ್ಣದು. ಕಣ್ಣು ಎಷ್ಟು ಸೇರಿತು ಎಂದು ಎಣಿಸುವುದಿಲ್ಲ, ಎಷ್ಟು ಪಟ್ಟಾಯಿತು ಎಂದು ಎಣಿಸುತ್ತದೆ. ಜರ್ಮನ್ ವಿಜ್ಞಾನಿ ವೇಬರ್ ಗುರುತಿಸಿದ ಈ ಗುಣವನ್ನು ಫೆಕ್ನರ್ 1860ರಲ್ಲಿ ಲಘುಗಣಕದ ನಿಯಮವಾಗಿ ಬರೆದಿಟ್ಟರು. ನಾನು ಅದನ್ನು ಕಾಲೇಜಿನಲ್ಲಿ ಓದಿ, ಪರೀಕ್ಷೆ ಬರೆದು, ಪೂರ್ತಿ ಮರೆತಿದ್ದೆ.

ಕಣ್ಣು ಹೀಗೇಕಿದೆ ಎಂಬುದಕ್ಕೆ ಉತ್ತರ ರಂಗದ ಮೇಲೆಯೇ ಸಿಕ್ಕಿತು. ನಮ್ಮ ನಟರೊಬ್ಬರು ಬಿಳಿ ಪಂಚೆ ಉಟ್ಟು ಕಪ್ಪು ಕಂಬಳಿ ಹೊದ್ದಿರುತ್ತಾರೆ. ಪಂಚೆ ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ಸುಮಾರು ಎಂಬತ್ತು ಶೇಕಡಾವನ್ನು ಹಿಂದಿರುಗಿಸುತ್ತದೆ, ಕಂಬಳಿ ಐದು ಶೇಕಡಾವನ್ನು. ಲಕ್ಷ ಲಕ್ಸಿನ ಮಧ್ಯಾಹ್ನದ ಬಿಸಿಲಿನಲ್ಲಿ ಕಂಬಳಿಯಿಂದ ಕಣ್ಣಿಗೆ ಬರುವ ಬೆಳಕು, 400 ಲಕ್ಸಿನ ಕೋಣೆಯಲ್ಲಿ ಪಂಚೆಯಿಂದ ಬರುವ ಬೆಳಕಿಗಿಂತ ಹತ್ತಾರು ಪಟ್ಟು ಹೆಚ್ಚು. ಆದರೂ ಬಿಸಿಲಿನಲ್ಲಿ ಕಂಬಳಿ ಕಪ್ಪಾಗಿಯೇ ಕಾಣುತ್ತದೆ, ಕೋಣೆಯಲ್ಲಿ ಪಂಚೆ ಬಿಳಿಯಾಗಿಯೇ ಕಾಣುತ್ತದೆ. ಎರಡೂ ಕಡೆ ಬದಲಾಗದೆ ಉಳಿಯುವುದು ಅವೆರಡರ ನಡುವಿನ ಹದಿನಾರು ಪಟ್ಟಿನ ಅನುಪಾತ ಮಾತ್ರ. ಬೆಳಕಿನ ಒಟ್ಟು ಪ್ರಮಾಣ ಸೂರ್ಯನ ಸುದ್ದಿ ಹೇಳುತ್ತದೆ, ಅನುಪಾತವು ವಸ್ತುವಿನ ಸುದ್ದಿ ಹೇಳುತ್ತದೆ, ಮತ್ತು ಪ್ರಾಣಿಗೆ ಬೇಕಾದದ್ದು ವಸ್ತುವಿನ ಸುದ್ದಿ. ಕಿವಿಯ ಕತೆಯೂ ಇದೇ: ಬಯಲಿನಲ್ಲಿ ಹಾಡುಗಾರರಿಂದ ಇರುವ ದೂರವನ್ನು ಇಮ್ಮಡಿಯಾಗಿಸಿದರೆ ಕಂಠವೂ ಮೃದಂಗವೂ ಒಂದೇ ಸಮನೆ ಆರು ಡೆಸಿಬೆಲ್ ಇಳಿಯುತ್ತವೆ, ಅವುಗಳ ನಡುವಿನ ಅನುಪಾತ ಕೆಡುವುದಿಲ್ಲ. ಇದಲ್ಲದೆ, ಲಕ್ಷಾಂತರ ಪಟ್ಟು ಏರಿಳಿಯುವ ಬೆಳಕು ಮತ್ತು ಸದ್ದನ್ನು ಸೆಕೆಂಡಿಗೆ ಕೆಲವು ನೂರು ಸಲವಷ್ಟೇ ಮಿಡಿಯಬಲ್ಲ ನರದೊಳಗೆ ಕಳಿಸಬೇಕಾದರೆ, ಅದನ್ನು ಹೀಗೆ ಕುಗ್ಗಿಸದೆ ಬೇರೆ ದಾರಿಯಿಲ್ಲ.

ಹಾಗಾದರೆ ಹ್ಯಾಲೋಜನ್ ಕಾಲದಲ್ಲಿ ಹಿರಿಯರ ಬೆಳಗು ಅಷ್ಟು ಚೆನ್ನಾಗಿ ಆಗುತ್ತಿದ್ದುದು ಹೇಗೆ? ತಂತಿಯ ಬೆಳಕು ವೋಲ್ಟೇಜಿನ ಸುಮಾರು ಮೂರೂವರೆಯ ಘಾತದಂತೆ ಏರುತ್ತದೆ. ಅರ್ಧ ವೋಲ್ಟೇಜಿಗೆ ಹತ್ತರಲ್ಲೊಂದು ಪಾಲು ಬೆಳಕು ಬರುತ್ತದೆ, ಜೊತೆಗೆ ತಂತಿ ಕಾಯುವುದಕ್ಕೂ ಹೊತ್ತು ಬೇಕು. ಅವರಿಗೆ ಬೇಕಾದ ವಕ್ರರೇಖೆಯನ್ನು ದೀಪವೇ ಬಿಟ್ಟಿಯಾಗಿ ಒದಗಿಸುತ್ತಿತ್ತು. ಇದನ್ನು ಅವರಿಗೆ ವಿವರಿಸಿದಾಗ ನಕ್ಕರು, ಒಪ್ಪಲಿಲ್ಲ.

ಮೊದಲ ಪ್ರಯತ್ನ ಸೋತಿತು. 255 ಮೆಟ್ಟಿಲುಗಳಲ್ಲೇ ಸಮ ಅನುಪಾತದ ಏರಿಕೆಯನ್ನು ಬರೆದೆ. ಆದರೆ ಅಲ್ಲಿ ಒಂದರ ನಂತರದ ಮೆಟ್ಟಿಲು ಎರಡು, ಅದೇ ದುಪ್ಪಟ್ಟು. ಎರಡರಿಂದ ಮೂರಕ್ಕೆ ಒಂದೂವರೆ ಪಟ್ಟು. ಕೆಳಗಿನ ಬೆಳಕು ಕುಂಟುತ್ತ ಕುಂಟುತ್ತ ಮೇಲೇರಿತು. "ನಿನ್ನ ಗಣಿತಕ್ಕಿಂತ ನನ್ನ ಬೆರಳು ವಾಸಿ" ಎಂದರು ಹಿರಿಯರು, ಆ ದಿನದ ಮಟ್ಟಿಗೆ ಅದು ನಿಜವೂ ಆಗಿತ್ತು.

ಎರಡನೆಯ ಸಲ ಟೈಮರ್ ಒಂದನ್ನು ಪೂರ್ತಿ ಹದಿನಾರು ಬಿಟ್ಟಿಗೆ, ಅಂದರೆ 65535 ಮೆಟ್ಟಿಲುಗಳಿಗೆ ತೆರೆದೆ. ಕಣ್ಣಿಗೆ ಅದ್ಭುತವಾಗಿತ್ತು, ಆದರೆ ಆ ಲೆಕ್ಕದಲ್ಲಿ ದೀಪ ಸೆಕೆಂಡಿಗೆ 244 ಸಲ ಮಾತ್ರ ಮಿಡಿಯುತ್ತದೆ. ಯಾರೋ ಮೊಬೈಲಿನಲ್ಲಿ ತೆಗೆದ ವಿಡಿಯೊದಲ್ಲಿ ರಂಗದ ತುಂಬ ಅಡ್ಡ ಪಟ್ಟಿಗಳು ಹರಿದಾಡಿದವು. ಕೊನೆಗೆ ಹದಿಮೂರು ಬಿಟ್ಟಿಗೆ, ಅಂದರೆ 8191ಕ್ಕೆ ಇಳಿದೆ. ಮಿಡಿತ ಸೆಕೆಂಡಿಗೆ ಎರಡು ಸಾವಿರದ ಹತ್ತಿರ ಹೋಗಿ ಪಟ್ಟಿಗಳು ಮಾಯವಾದವು. ಆಗ ಹೊಸ ತಲೆನೋವು ಶುರುವಾಯಿತು. ಇಪ್ಪತ್ತನೆಯ ಮೆಟ್ಟಿಲಿನ ಮಿಡಿತದ ಅಗಲ ಒಂದೂಕಾಲು ಮೈಕ್ರೊಸೆಕೆಂಡ್. ಅಷ್ಟರೊಳಗೆ, ದೀಪಕ್ಕೆ ಸ್ವಿಚ್ಚಿನಂತೆ ಕೆಲಸ ಮಾಡುವ ಮಾಸ್ಫೆಟ್‌ನ ಗೇಟನ್ನು ತುಂಬುವ ಶಕ್ತಿ ಆರ್ಡುಯಿನೊದ ಕಾಲಿಗೆ ಇಲ್ಲ. ಲೆಕ್ಕದಲ್ಲಿ ಬೆಳಕು ಏರುತ್ತಿದ್ದರೂ ಮೀಟರ್ ಮುಳ್ಳು ಮುರಿದಂತೆ ನಿಂತಿರುತ್ತಿತ್ತು, ಆಮೇಲೆ ತಟ್ಟನೆ ಜಿಗಿಯುತ್ತಿತ್ತು. ನಾನು ಎರಡು ವಾರ ಪ್ರೋಗ್ರಾಮಿನಲ್ಲಿ ತಪ್ಪು ಹುಡುಕಿದೆ, ಈ ನಡುವೆ ಮೂರು ದೀಪಗಳನ್ನು ಸುಟ್ಟೆ, ಸುಮಾರು ಎರಡು ಸಾವಿರ ಕಳೆದುಕೊಂಡೆ. ಬೆಂಗಳೂರಿನ ಎಸ್‌.ಪಿ. ರಸ್ತೆಯಿಂದ ತಂದ ಅರವತ್ತು ಎಪ್ಪತ್ತು ರೂಪಾಯಿಯ ಒಂದು ಗೇಟ್ ಡ್ರೈವರ್ ಐಸಿಯಿಂದ ಅದು ಒಂದೇ ಸಂಜೆಯಲ್ಲಿ ಸರಿಹೋಯಿತು.

ಇಷ್ಟಾದರೂ ಬೆಳಗಿನ ಮೊದಲ ಭಾಗ ಸತ್ತಂತೆಯೇ ಇತ್ತು. ಇದಕ್ಕೆ ಕಾರಣ ರಂಗಮಂದಿರದ ಬಾಗಿಲ ಮೇಲಿನ ಹಸಿರು ದೀಪ. ನಮ್ಮ ದೀಪಗಳನ್ನೆಲ್ಲ ಆರಿಸಿದರೂ ರಂಗದ ಮೇಲೆ ಎರಡು ಲಕ್ಸ್ ಉಳಿಯುತ್ತಿತ್ತು. ಕಣ್ಣು ಅಳೆಯುವುದು ನನ್ನ ದೀಪದ ಅನುಪಾತವನ್ನಲ್ಲ, ನನ್ನ ದೀಪಕ್ಕೆ ಆ ಎರಡನ್ನು ಸೇರಿಸಿದ ಮೊತ್ತದ ಅನುಪಾತವನ್ನು. ನನ್ನದು ಕಾಲು ಲಕ್ಸಿನಿಂದ ಅರ್ಧಕ್ಕೆ ದುಪ್ಪಟ್ಟಾದಾಗ ನೋಡುವವರಿಗೆ ಎರಡೂಕಾಲು ಎರಡೂವರೆ ಆಯಿತಷ್ಟೇ. ಆದ್ದರಿಂದ ಪೂರ್ತಿ ಬೆಳಕಿನ ನಾನೂರರಲ್ಲೊಂದು ಪಾಲಿಗಿಂತ ಕೆಳಗೆ ಮೆಟ್ಟಿಲು ಕಟ್ಟುವುದು ವ್ಯರ್ಥವೆಂದು ತೀರ್ಮಾನಿಸಿ, 8191ರವರೆಗಿನ ಏರಿಕೆ ಇಪ್ಪತ್ತರಿಂದಲೇ ಹೊರಡುವಂತೆ ಮಾಡಿದೆ. ಸದ್ಯ ಓಡುತ್ತಿರುವುದು ಇದು:

```
// n: 0..400, 100 ms ಗೊಂದು
float v = 20.0 * pow(8191.0 / 20.0, n / 400.0);
OCR1A = (uint16_t)(v + 0.5);
```

ಒಂದೊಂದು ಹೆಜ್ಜೆಗೂ ಸುಮಾರು ಒಂದೂವರೆ ಶೇಕಡಾ ಏರಿಕೆ. ಕಣ್ಣು ಗುರುತಿಸುವ ಕನಿಷ್ಠ ವ್ಯತ್ಯಾಸವೂ ಹೆಚ್ಚುಕಡಿಮೆ ಅಷ್ಟೇ ಇರುವುದರಿಂದ ಮೆಟ್ಟಿಲು ಕಾಣುವುದಿಲ್ಲ. ಬೆಳಕು ದುಪ್ಪಟ್ಟಾಗಲು ಆರಂಭದಲ್ಲಿ ನಾಲ್ಕೂವರೆ ಸೆಕೆಂಡು ಹಿಡಿದರೆ ಕೊನೆಯಲ್ಲೂ ಅಷ್ಟೇ ಹಿಡಿಯುತ್ತದೆ. ಇಪ್ಪತ್ತನೆಯ ಸೆಕೆಂಡಿನಲ್ಲಿ ಮೀಟರ್ ತೋರಿಸುವುದು 40 ಲಕ್ಸ್ ಮಾತ್ರ, ಅಂದರೆ ಐದು ಶೇಕಡಾ, ಆದರೆ ನೋಡುವವರಿಗೆ ಬೆಳಗು ಅರ್ಧ ದಾರಿಗೆ ಬಂದಂತಿರುತ್ತದೆ. ಗಮನಿಸುವವರು ಒಂದು ಕೊರತೆಯನ್ನು ಹಿಡಿಯುತ್ತಾರೆ: ಇಪ್ಪತ್ತರಿಂದ ಇಪ್ಪತ್ತೊಂದಕ್ಕೆ ಹೋಗುವುದೇ ಐದು ಶೇಕಡಾ, ಆದ್ದರಿಂದ ಮೊದಲ ಎಂಟು ಸೆಕೆಂಡು ಸಣ್ಣಗೆ ನಡುಗಬೇಕು. ನನ್ನ ಡಿಮ್ಮರ್ ಪೆಟ್ಟಿಗೆಯಲ್ಲಿ ನಡುಗುವುದಿಲ್ಲ. ಅದನ್ನು ಹೇಗೆ ಮುಚ್ಚಿದೆ ಎಂಬುದನ್ನು ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ. ಬಿಡಿಭಾಗ ಏನೂ ಹೆಚ್ಚು ಬೇಕಿಲ್ಲ ಎಂದಷ್ಟೇ ಹೇಳಬಲ್ಲೆ.

ಇದರ ಗುಂಗಿನಲ್ಲೇ ಮಳೆಯ ಸದ್ದಿನ ಗುಂಡಿಗೂ ಕೈ ಹಾಕಿದೆ. ಅಲ್ಲಿ ಯಾರೋ ಸಮ ಏರಿಕೆಯ ನೂರು ಕಿಲೊ ಓಮ್ ಪಾಟ್, ಅಂದರೆ ತಿರುಗಿಸಿ ಬದಲಿಸುವ ರೆಸಿಸ್ಟರ್ ಹಾಕಿದ್ದರು. ಅರ್ಧ ತಿರುಗಿಸುವಷ್ಟರಲ್ಲಿ ಸದ್ದು ಪೂರ್ತಿಗಿಂತ ಆರು ಡೆಸಿಬೆಲ್ ಮಾತ್ರ ಕಡಿಮೆ ಇರುತ್ತಿತ್ತು, ಮಳೆ ಮೊದಲ ಕಾಲು ಸುತ್ತಿನಲ್ಲೇ ಧೋ ಎಂದು ಸುರಿದುಬಿಡುತ್ತಿತ್ತು. ಲಘುಗಣಕದ ಪಾಟ್ ಎಂದು ಹೇಳಿ ಅಂಗಡಿಯಲ್ಲಿ ಕೊಟ್ಟದ್ದನ್ನು ಮಲ್ಟಿಮೀಟರಿಗೆ ಹಿಡಿದರೆ ನಡುವಿನಲ್ಲಿ ಸರಿಯಾಗಿ ಐವತ್ತು ಕಿಲೊ ಓಮ್ ತೋರಿಸಿತು. ನಿಜವಾದದ್ದು ಹತ್ತರಿಂದ ಹದಿನೈದರೊಳಗೆ ತೋರಿಸಬೇಕು. ಜಗಳವಾಡುವ ಬದಲು, ಹಳೆಯ ಪಾಟ್‌ನ ನಡುಗಾಲಿನಿಂದ ಗ್ರೌಂಡಿಗೆ ಹದಿನೈದು ಕಿಲೊ ಓಮಿನ ಒಂದು ರೆಸಿಸ್ಟರ್ ಬೆಸುಗೆ ಹಾಕಿದೆ. ಈಗ ಅರ್ಧ ಸುತ್ತಿಗೆ ಹದಿನಾಲ್ಕೂವರೆ ಡೆಸಿಬೆಲ್ ಇಳಿದಿರುತ್ತದೆ, ಮಳೆ ದೂರದಿಂದ ನಡೆದುಬರುತ್ತದೆ. ಖರ್ಚು ಒಂದು ರೂಪಾಯಿ.

ಇನ್ನೊಂದು ಪರೀಕ್ಷೆ ನನ್ನ ಜಂಬವನ್ನು ಸ್ವಲ್ಪ ಇಳಿಸಿತು. ತಂಡದ ಹತ್ತು ಹನ್ನೊಂದು ಮಂದಿಗೆ ಗುಂಡಿ ಕೊಟ್ಟು, ಬೆಳಕು ಅರ್ಧ ಎನಿಸುವ ಕಡೆ ನಿಲ್ಲಿಸಲು ಹೇಳಿದೆ. ನನ್ನ ಲೆಕ್ಕದ ಪ್ರಕಾರ 40 ಲಕ್ಸಿಗೆ ನಿಲ್ಲಬೇಕಿತ್ತು, ಬಹುತೇಕ ಎಲ್ಲರೂ 150ರ ಆಸುಪಾಸಿನಲ್ಲಿ ನಿಲ್ಲಿಸಿದರು. ಅಮೆರಿಕದ ಮನೋವಿಜ್ಞಾನಿ ಸ್ಟೀವನ್ಸ್ 1957ರಲ್ಲಿ ಫೆಕ್ನರರ ನಿಯಮಕ್ಕೆ ಎದುರಾಗಿ ಘಾತದ ನಿಯಮವನ್ನು ಮುಂದಿಟ್ಟದ್ದು ಇದೇ ಜಾಗದಲ್ಲಿ: "ಅರ್ಧ ಎಷ್ಟು" ಎಂದು ಕೇಳಿದಾಗ ಜನರ ಉತ್ತರ ಲಘುಗಣಕಕ್ಕಿಂತ ಘನಮೂಲಕ್ಕೆ ಹತ್ತಿರ ಬರುತ್ತದೆ. ಛಾಯಾಗ್ರಾಹಕರು ನಡು ಬೂದು ಎಂದು ಹದಿನೆಂಟು ಶೇಕಡಾದ ಕಾರ್ಡನ್ನು ಹಿಡಿಯುವುದೂ ಇದಕ್ಕೇ. ಆದರೂ ನಿಧಾನದ ಬೆಳಗಿಗೆ ನಾನು ಸಮ ಅನುಪಾತವನ್ನು ಬಿಟ್ಟಿಲ್ಲ, ಏಕೆಂದರೆ ಅಲ್ಲಿ ಯಾರೂ ಅರ್ಧವನ್ನು ಅಳೆಯುತ್ತಿರುವುದಿಲ್ಲ. ಯಾವ ಕ್ಷಣದಲ್ಲೂ ಬೆಳಕು ಜಿಗಿದದ್ದು ಗೊತ್ತಾಗಬಾರದು, ಅಷ್ಟೇ. ಕೈಯಿಂದ ಎಳೆಯುವ ಗುಂಡಿಗಳಿಗೆ ಮಾತ್ರ ಘನದ ರೇಖೆ ಹಾಕಿದ್ದೇನೆ.

ಪ್ರದರ್ಶನದ ದಿನ ಹಿರಿಯರು ನನ್ನ ಪಕ್ಕದಲ್ಲೇ ಕೂತು ಕೈಗಡಿಯಾರ ನೋಡುತ್ತಿದ್ದರು. ನಲವತ್ತು ಸೆಕೆಂಡು ಮುಗಿದ ಮೇಲೆ ಏನೂ ಹೇಳಲಿಲ್ಲ, ಮಧ್ಯಂತರದಲ್ಲಿ ಪೆಟ್ಟಿಗೆಗೆ ಎಷ್ಟಾಯಿತು ಎಂದು ಕೇಳಿದರು. ಸುಟ್ಟದ್ದನ್ನೂ ಸೇರಿಸಿ ಏಳು ಸಾವಿರದೊಳಗೆ ಎಂದೆ. ತಮಗೂ ಒಂದು ಬೇಕೆಂದರು, ಆದರೆ ಬೆಳಕು ಇಳಿಸುವಾಗ ಕೊನೆ ತುಸು ಬೇಗ ಬರುತ್ತದೆ ಎಂದು ತಪ್ಪನ್ನೂ ತೋರಿಸಿದರು. ಅವರು ಹೇಳಿದ್ದು ಸರಿ. ಏರುವಾಗ ಕತ್ತಲೆಗೆ ಹೊಂದಿಕೊಂಡಿದ್ದ ಕಣ್ಣು, ಇಳಿಯುವಾಗ 800 ಲಕ್ಸಿಗೆ ಹೊಂದಿಕೊಂಡಿರುತ್ತದೆ, ಮತ್ತೆ ಕತ್ತಲೆಗೆ ತಿರುಗಲು ಅದಕ್ಕೆ ನಿಮಿಷಗಳೇ ಬೇಕು. ಹೀಗಾಗಿ ಕೆಳಗಿನ ಮೆಟ್ಟಿಲುಗಳು ಇದ್ದೂ ಇಲ್ಲದಂತೆ. ಈಗ ಇಳಿಕೆಯನ್ನು ಇಪ್ಪತ್ತರ ಬದಲು ಅರವತ್ತಕ್ಕೆ ಮುಗಿಸಿ, ಅಲ್ಲಿಂದ ಸೊನ್ನೆಗೆ ಎರಡು ಸೆಕೆಂಡಿನಲ್ಲಿ ಜಾರಿಸಿ ನೋಡುತ್ತಿದ್ದೇನೆ.