4,500 ಎಲ್ಲಿ ಅಡಗಿತ್ತು? ಬ್ಯಾಂಕ್ ಸ್ಟೇಟ್‌ಮೆಂಟ್ ಮತ್ತು ಲೆಡ್ಜರ್ ತಾಳೆ ನೋಡಿದ ನನ್ನ ಅನುಭವ

ತಿಂಗಳ ಕೊನೆಗೆ ಬ್ಯಾಂಕ್ ತೋರಿಸಿದ ಶಿಲ್ಕು 2,31,925. ನಮ್ಮ ಲೆಡ್ಜರ್ ಪ್ರಕಾರ ಖಾತೆಯಲ್ಲಿ ಇರಬೇಕಾದದ್ದು 2,14,380. ವ್ಯತ್ಯಾಸ 17,545. ಬ್ಯಾಂಕ್ ಕಡೆ 143 ಸಾಲು, ಲೆಡ್ಜರ್ ಕಡೆ 146 ಸಾಲು. ಹಿಂದಿನ ತಿಂಗಳಿಂದ ಏನೂ ಬಾಕಿ ಬಂದಿರಲಿಲ್ಲ, ಎರಡೂ ಕಡೆ ಆರಂಭದ ಶಿಲ್ಕು ಒಂದೇ ಆಗಿತ್ತು. ಅಂದರೆ ಈ 17,545 ಪೂರ್ತಿ ಈ ತಿಂಗಳಲ್ಲೇ ಹುಟ್ಟಿದ್ದು.

ಅಲ್ಲಿಯವರೆಗೆ ನಾನು ಎರಡೂ ಪ್ರಿಂಟ್ ತೆಗೆದು, ಪೆನ್ನಿನಿಂದ ಟಿಕ್ ಹಾಕುತ್ತಾ ಹೋಗುತ್ತಿದ್ದೆ. ಆ ಸಲ ಸ್ಪ್ರೆಡ್‌ಶೀಟ್‌ನಲ್ಲೇ ಮುಗಿಸೋಣ ಎಂದುಕೊಂಡೆ. ಮುಗಿಯಿತು ನಿಜ, ಆದರೆ ಮೊದಲ ದಿನ ಪೂರ್ತಿ ಹಾಳಾಯಿತು.

ಒಂದೇ ಫೈಲಿನಲ್ಲಿ `Bank` ಮತ್ತು `Ledger` ಎಂಬ ಎರಡು ಹಾಳೆ ಮಾಡಿಕೊಂಡೆ. ಎರಡರಲ್ಲೂ ಕಾಲಂಗಳ ಕ್ರಮ ಒಂದೇ: A ತಾರೀಖು, B ವಿವರ, C ಚೆಕ್ ಅಥವಾ ಚಲನ್ ನಂಬರ್, D ಮತ್ತು E ಮೊತ್ತಗಳು. ಬ್ಯಾಂಕ್ ಹಾಳೆಯಲ್ಲಿ D ಅಂದರೆ ತೆಗೆದದ್ದು, E ಅಂದರೆ ಕಟ್ಟಿದ್ದು. ಲೆಡ್ಜರ್‌ನಲ್ಲಿ D ಡೆಬಿಟ್, E ಕ್ರೆಡಿಟ್. ಹೊಸಬರು ಎಡವುವುದು ಇಲ್ಲೇ. ಬ್ಯಾಂಕಿನವರ ಪುಸ್ತಕದಲ್ಲಿ ನಮ್ಮ ದುಡ್ಡು ಅವರು ನಮಗೆ ಕೊಡಬೇಕಾದ ಸಾಲ, ಹಾಗಾಗಿ ನಾವು ಕಟ್ಟಿದ್ದನ್ನು ಅವರು ಕ್ರೆಡಿಟ್ ಅನ್ನುತ್ತಾರೆ. ನಮ್ಮ ಲೆಡ್ಜರ್‌ನಲ್ಲಿ ಅದೇ ಡೆಬಿಟ್. ಈ ತಲೆಬಿಸಿ ಬೇಡ ಅಂತ F ಕಾಲಂನಲ್ಲಿ ಎರಡೂ ಕಡೆ ಒಂದೇ ಚಿಹ್ನೆ ಬರುವ ಹಾಗೆ ಮಾಡಿದೆ: ಬಂದದ್ದು ಪ್ಲಸ್, ಹೋದದ್ದು ಮೈನಸ್. ಮೊದಲ ಸೂತ್ರ ಬ್ಯಾಂಕ್ ಹಾಳೆಗೆ, ಎರಡನೆಯದು ಲೆಡ್ಜರ್‌ಗೆ.

```
=ROUND(E2-D2,2)
=ROUND(D2-E2,2)
```

`ROUND` ಯಾಕೆ ಅಂದರೆ, ಕಂಪ್ಯೂಟರ್ ದಶಾಂಶಗಳನ್ನು ಕೂಡಿ ಕಳೆಯುವಾಗ ಕೊನೆಯಲ್ಲಿ ಕಣ್ಣಿಗೆ ಕಾಣದ ಚೂರು ಉಳಿಸುತ್ತದೆ. ಪರದೆ ಮೇಲೆ ಎರಡೂ ಮೊತ್ತ ಒಂದೇ ಥರ ಕಾಣುತ್ತವೆ, ಸೂತ್ರ ಮಾತ್ರ ಬೇರೆ ಬೇರೆ ಅನ್ನುತ್ತದೆ.

ಬ್ಯಾಂಕಿನಿಂದ ಇಳಿಸಿಕೊಂಡ ಫೈಲಿನಲ್ಲಿ F ಕಾಲಂ ಹಲವು ಕಡೆ `#VALUE!` ತೋರಿಸಿತು. ಮೊತ್ತಗಳು ಸಂಖ್ಯೆಯ ವೇಷದಲ್ಲಿದ್ದ ಪಠ್ಯ! ಗುರುತಿಸುವುದು ಸುಲಭ: ಅಂಥವು ಕೋಶದ ಎಡಕ್ಕೆ ಅಂಟಿಕೊಂಡಿರುತ್ತವೆ, `SUM` ಅವನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. `TRIM` ಹಾಕಿದರೂ ಸರಿಹೋಗಲಿಲ್ಲ. ವೆಬ್‌ಪುಟದಿಂದ ಬರುವ ಖಾಲಿ ಜಾಗ ಮಾಮೂಲಿ ಸ್ಪೇಸ್ ಅಲ್ಲ, ಅದರ ಸಂಕೇತ 160. ಅದನ್ನು ಹೆಸರು ಹಿಡಿದೇ ತೆಗೆಯಬೇಕು. ಜೊತೆಗೆ ಅಲ್ಪವಿರಾಮವನ್ನೂ ತೆಗೆದೆ.

```
=VALUE(SUBSTITUTE(SUBSTITUTE(D2,CHAR(160),""),",",""))
```

ಖಾಲಿ ಕೋಶಕ್ಕೆ ಇದು ತಪ್ಪು ತೋರಿಸುತ್ತದೆ, ಅಲ್ಲಿ ಸೊನ್ನೆ ತುಂಬಿದೆ. ಆಮೇಲೆ ಮುಂದೆ ಹೋಗುವ ಮೊದಲು ಒಂದು ಪರೀಕ್ಷೆ: ಆರಂಭದ ಶಿಲ್ಕಿಗೆ F ಕಾಲಂನ ಒಟ್ಟು ಮೊತ್ತ ಸೇರಿಸಿದರೆ ಕೊನೆಯ ಶಿಲ್ಕು ಬರಬೇಕು. ಎರಡೂ ಹಾಳೆಯಲ್ಲಿ ಬಂತು. ಇದು ಬರದಿದ್ದರೆ ತಾಳೆ ನೋಡಲು ಕೂರುವುದೇ ದಂಡ. ಎಲ್ಲೋ ಒಂದು ಸಾಲು ಬಿಟ್ಟುಹೋಗಿರುತ್ತದೆ, ನಾವು ಅದನ್ನು ಬೇರೆಲ್ಲೋ ಹುಡುಕುತ್ತಿರುತ್ತೇವೆ.

ಮೊದಲ ದಿನ ನಾನು ಮಾಡಿದ್ದು ಎಲ್ಲರೂ ಮಾಡುವ ಕೆಲಸ. ಲೆಡ್ಜರ್‌ನ ಪ್ರತಿ ಮೊತ್ತವೂ ಬ್ಯಾಂಕ್ ಹಾಳೆಯಲ್ಲಿ ಇದೆಯಾ ಅಂತ ನೋಡಿದೆ. ಹಾಗೆಯೇ ಬ್ಯಾಂಕಿನದು ಲೆಡ್ಜರ್‌ನಲ್ಲಿ.

```
=VLOOKUP(F2,Bank!F:F,1,FALSE)
```

`#N/A` ಬಂದವೆಲ್ಲ ತಾಳೆಯಾಗದ ಸಾಲುಗಳು. ಲೆಡ್ಜರ್‌ನಲ್ಲಿ ಆರು ಸಿಕ್ಕವು: 15,750ರ ಒಂದು ಚೆಕ್, ತಿಂಗಳ ಕೊನೆಯ ದಿನ ಕಟ್ಟಿದ 3,500, 5,760ರ ಒಂದು ಪಾವತಿ, ಆಮೇಲೆ 6,200, 7,450, 4,750ರ ಮೂರು ರಸೀದಿ. ಬ್ಯಾಂಕಿನಲ್ಲಿ ನಾಲ್ಕು: 18,400 ಜಮೆ, 1,180 ಬಡ್ಡಿ, 475 ಶುಲ್ಕ, 5,670ರ ಒಂದು ಪಾವತಿ. ಮೂರು ರಸೀದಿ ಕೂಡಿದರೆ ಸರಿಯಾಗಿ 18,400. ಅವನ್ನು ಒಂದೇ ಚಲನ್‌ನಲ್ಲಿ ಕಟ್ಟಿದ್ದೆವು. ಉಳಿದವನ್ನು ಕೂಡಿ ಕಳೆದೆ. ವ್ಯತ್ಯಾಸದಲ್ಲಿ 13,045ಕ್ಕೆ ಲೆಕ್ಕ ಸಿಕ್ಕಿತು. ಬೇಕಾದದ್ದು 17,545. ಇನ್ನೂ 4,500 ಎಲ್ಲಿ?

ಸಂಜೆವರೆಗೆ ಹುಡುಕಿದೆ. ತಾಳೆಯಾಗದ ಪಟ್ಟಿಯಲ್ಲಿ 4,500 ಇರಲೇ ಇಲ್ಲ. ನಾನು ಹುಡುಕುತ್ತಿದ್ದ ಜಾಗವೇ ತಪ್ಪು, ಅದು ತಾಳೆಯಾದ ಸಾಲುಗಳ ನಡುವೆ ಕೂತಿತ್ತು.

ಆ ತಿಂಗಳು 4,500ರ ಚೆಕ್ ಮೂರು ಕೊಟ್ಟಿದ್ದೆವು: 5ನೇ ತಾರೀಖು 301, 9ಕ್ಕೆ 302, 24ಕ್ಕೆ 303. ಬ್ಯಾಂಕಿನಲ್ಲಿ ಪಾಸಾದದ್ದು ಎರಡೇ. ಆದರೆ `VLOOKUP` ಸಿಕ್ಕ ಮೊದಲ ಸಾಲಿಗೇ ನಿಂತುಬಿಡುತ್ತದೆ. ಮೂರು ಸಲ ಕೇಳಿದರೂ ಬ್ಯಾಂಕಿನ ಅದೇ ಒಂದು ಸಾಲನ್ನು ತೋರಿಸಿ "ಇದೆ" ಅನ್ನುತ್ತದೆ. ಒಂದು ಸಾಲನ್ನು ಒಮ್ಮೆ ಬಳಸಿ ಆಯಿತು ಅನ್ನುವ ನೆನಪು ಅದಕ್ಕಿಲ್ಲ. ಪೆನ್ನಿನ ಟಿಕ್‌ಗೆ ಇತ್ತು ನೋಡಿ, ಆ ಗುಣ! ಟಿಕ್ ಬಿದ್ದ ಸಾಲಿಗೆ ಯಾರೂ ಮತ್ತೆ ಟಿಕ್ ಹಾಕುವುದಿಲ್ಲ.

ಆ ನೆನಪನ್ನು ಸೂತ್ರಕ್ಕೆ ಕೊಡಲು ಮೊತ್ತದ ಪಕ್ಕ ಒಂದು ಕ್ರಮಸಂಖ್ಯೆ ಅಂಟಿಸಿದೆ. ಈ ಮೊತ್ತ ಇಲ್ಲಿಯವರೆಗೆ ಎಷ್ಟನೇ ಸಲ ಬಂದಿದೆ ಅನ್ನುವುದೇ ಆ ಸಂಖ್ಯೆ. ಇದು ಎರಡೂ ಹಾಳೆಯ G ಕಾಲಂ:

```
=TEXT(F2,"0.00")&"|"&COUNTIF(F$2:F2,F2)
```

`F$2` ಕದಲುವುದಿಲ್ಲ, `F2` ಕೆಳಗೆ ಇಳಿಯುತ್ತಾ ಹೋಗುತ್ತದೆ. ಅದೇ ಇದರ ಗುಟ್ಟು. ಈಗ ಲೆಡ್ಜರ್‌ನಲ್ಲಿ `-4500.00|1`, `-4500.00|2`, `-4500.00|3` ಬಂದವು. ಬ್ಯಾಂಕಿನಲ್ಲಿ 1 ಮತ್ತು 2 ಮಾತ್ರ. ಎರಡೂ ಹಾಳೆಯನ್ನು ಹಳೆಯ ತಾರೀಖಿನಿಂದ ಹೊಸದಕ್ಕೆ ಜೋಡಿಸಿಕೊಂಡೇ ಇದನ್ನು ಹಾಕಬೇಕು. ಕೆಲವು ಸ್ಟೇಟ್‌ಮೆಂಟ್‌ಗಳಲ್ಲಿ ಹೊಸದು ಮೇಲಿರುತ್ತದೆ, ಗಮನಿಸಿ.

ಹುಡುಕಾಟಕ್ಕೆ `VLOOKUP` ಬಿಟ್ಟೆ. ಅದಕ್ಕೆ ಬಲಗಡೆಯ ಕಾಲಂ ಮಾತ್ರ ಕಾಣುತ್ತದೆ, ನನಗೆ ಬೇಕಾದ ಬ್ಯಾಂಕಿನ ತಾರೀಖು ಎಡಗಡೆ ಇತ್ತು. ಲೆಡ್ಜರ್‌ನ H ಕಾಲಂನಲ್ಲಿ:

```
=IFERROR(INDEX(Bank!A:A,MATCH(G2,Bank!G:G,0)),"ಇಲ್ಲ")
```

`XLOOKUP` ಇರುವ ಆವೃತ್ತಿಯಾದರೆ ಅದನ್ನೇ ಬಳಸಬಹುದು. ಉತ್ತರ ದೊಡ್ಡ ಸಂಖ್ಯೆಯಾಗಿ ಕಂಡರೆ ಕೋಶಕ್ಕೆ ತಾರೀಖಿನ ಫಾರ್ಮ್ಯಾಟ್ ಕೊಡಿ, ಅಷ್ಟೇ. ಮೂರನೇ 4,500ರ ಮುಂದೆ "ಇಲ್ಲ" ಬಂತು. 15,750ಕ್ಕೆ 4,500 ಸೇರಿ ಪಾಸಾಗದ ಚೆಕ್ 20,250 ಆಯಿತು, ಮೊತ್ತ ಸರಿಹೋಯಿತು.

ಖುಷಿಪಟ್ಟು "303 ಇನ್ನೂ ಪಾಸಾಗಿಲ್ಲ" ಅಂತ ಬರೆದೂ ಬಿಟ್ಟಿದ್ದೆ. ಅದು ತಪ್ಪು. ಮೊತ್ತ ಸರಿ, ಚೆಕ್ ಬೇರೆ. ಕ್ರಮಸಂಖ್ಯೆ ಎರಡನೆಯದನ್ನು ಎರಡನೆಯದಕ್ಕೆ ಜೋಡಿಸುತ್ತದೆಯೇ ಹೊರತು ಅವು ಒಂದೇ ಚೆಕ್ ಅಂತ ಅದಕ್ಕೆ ಗೊತ್ತಿಲ್ಲ. ಅನುಮಾನ ಬಂದದ್ದು `=H2-A2` ಎಂದು ಹಾಕಿದ್ದ ದಿನಗಳ ಅಂತರದಿಂದ. 9ನೇ ತಾರೀಖಿನ 302, ಬ್ಯಾಂಕಿನ 27ನೇ ತಾರೀಖಿನ ಸಾಲಿಗೆ ಜೋಡಿಯಾಗಿತ್ತು. 18 ದಿನ! ಉಳಿದ ಚೆಕ್‌ಗಳೆಲ್ಲ ಮೂರು ನಾಲ್ಕು ದಿನದಲ್ಲಿ ಪಾಸಾಗಿದ್ದವು. ಸ್ಟೇಟ್‌ಮೆಂಟ್‌ನ ಚೆಕ್ ನಂಬರ್ ನೋಡಿದರೆ 27ಕ್ಕೆ ಪಾಸಾದದ್ದು 303. ಉಳಿದುಕೊಂಡದ್ದು 302. ವಿಚಾರಿಸಿದಾಗ ತೆಗೆದುಕೊಂಡವರು ಅದನ್ನು ಬ್ಯಾಂಕಿಗೆ ಹಾಕುವುದನ್ನೇ ಮರೆತಿದ್ದರು. ನಾನು 303ರ ಹಿಂದೆ ಬಿದ್ದಿದ್ದರೆ ದುಡ್ಡು ತಲುಪಿದವರಿಗೇ ಫೋನ್ ಮಾಡಿ ಕೇಳುತ್ತಿದ್ದೆ, ಅಲ್ವಾ? ಅಂತರ ಮೈನಸ್ ಬಂದರೂ ಅನುಮಾನಪಡಬೇಕು. ಚೆಕ್ ಬರೆಯುವ ಮೊದಲೇ ಪಾಸಾಗಲು ಸಾಧ್ಯವಿಲ್ಲ.

ಇಲ್ಲಿಂದ, ಒಂದೇ ಗುರುತಿನ ಸಾಲುಗಳನ್ನು ಗುಂಪು ಮಾಡಿ ಕೂಡಿ ತೋರಿಸುವ ಪಿವಟ್ ಟೇಬಲ್‌ಗೆ ಬಂದೆ. ಹುಡುಕುವ ಸೂತ್ರ ಒಂದು ಸಾಲಿಗೆ ಒಂದು ಸಾಲನ್ನು ಮಾತ್ರ ಜೋಡಿಸಬಲ್ಲದು. ಮೂರು ರಸೀದಿಗೆ ಒಂದು ಜಮೆ ಅನ್ನುವಂಥದ್ದು ಅದರ ಕೈಗೆ ಸಿಗುವುದಿಲ್ಲ. ಪಿವಟ್‌ಗೆ ಅದು ಸಲೀಸು.

ಮೂರನೇ ಹಾಳೆಯಲ್ಲಿ ಬ್ಯಾಂಕಿನ 143 ಸಾಲು, ಅದರ ಕೆಳಗೆ ಲೆಡ್ಜರ್‌ನ 146 ಸಾಲು, ಎಲ್ಲವನ್ನೂ ಮೌಲ್ಯಗಳಾಗಿ ಅಂಟಿಸಿದೆ. ಯಾವ ಕಡೆಯದು ಎಂದು ಒಂದು ಕಾಲಂ ಸೇರಿಸಿ, ಲೆಡ್ಜರ್ ಮೊತ್ತಗಳ ಚಿಹ್ನೆ ಮಾತ್ರ ಉಲ್ಟಾ ಮಾಡಿದೆ. ಹಾಗೆ ಮಾಡಿದರೆ ತಾಳೆಯಾದದ್ದೆಲ್ಲ ಕೂಡಿ ಸೊನ್ನೆಯಾಗುತ್ತದೆ. ಗುಂಪು ಮಾಡಲು ಒಂದು ಗುರುತು ಬೇಕಲ್ಲ, ಅದನ್ನು ಅಂಟಿಸುವ ಮೊದಲೇ ಎರಡೂ ಹಾಳೆಯಲ್ಲಿ ಹೀಗೆ ಮಾಡಿಕೊಂಡಿದ್ದೆ:

```
=IF(C2<>"",TEXT(C2,"000000"),G2)
```

ಚೆಕ್ ಅಥವಾ ಚಲನ್ ನಂಬರ್ ಇದ್ದರೆ ಅದು, ಇಲ್ಲದಿದ್ದರೆ G ಕಾಲಂನ ಗುರುತು. ಆರು ಅಂಕಿಗೆ ತಂದದ್ದು ಯಾಕೆಂದರೆ ಬ್ಯಾಂಕ್ `000302` ಅನ್ನುತ್ತದೆ, ನಾವು ಸುಮ್ನೆ 302 ಅಂತ ಬರೆಯುತ್ತೇವೆ. ಆನ್‌ಲೈನ್ ವರ್ಗಾವಣೆಯ ಉದ್ದ ನಂಬರ್‌ಗಳನ್ನು ಮಾತ್ರ ಹೀಗೆ ಮಾಡಬೇಡಿ. ಸಂಖ್ಯೆಯಾಗಿ ಓದಿದರೆ 15 ಅಂಕಿಯ ಆಚೆಗಿನದೆಲ್ಲ ಸೊನ್ನೆಯಾಗಿಬಿಡುತ್ತದೆ. ಅವನ್ನು ಪಠ್ಯವಾಗಿಯೇ ಇಟ್ಟುಕೊಳ್ಳಬೇಕು.

ಪಿವಟ್‌ನ ಸಾಲಿಗೆ ಈ ಗುರುತು, ಕಾಲಂಗೆ ಯಾವ ಕಡೆ ಅನ್ನುವುದು, ಮೌಲ್ಯಕ್ಕೆ ಮೊತ್ತ ಎಳೆದೆ. ಮೊತ್ತದ ಬದಲು ಎಣಿಕೆ ತೋರಿಸಿದರೆ ಆ ಕಾಲಂನಲ್ಲಿ ಎಲ್ಲೋ ಪಠ್ಯ ಅಥವಾ ಖಾಲಿ ಕೋಶ ಉಳಿದಿದೆ ಎಂದರ್ಥ. ಕೆಳಗಿನ ಮೂಲೆಯ ಒಟ್ಟು 17,545 ಅಂತ ಬಂದಾಗ ಯಾವ ಸಾಲೂ ಬಿಟ್ಟುಹೋಗಿಲ್ಲ ಅಂತ ಸಮಾಧಾನವಾಯಿತು.

ಆಮೇಲೆ ಸಾಲಿನ ಶೀರ್ಷಿಕೆಯ ಫಿಲ್ಟರ್‌ನಲ್ಲಿ ಒಟ್ಟು ಸೊನ್ನೆ ಇಲ್ಲದವನ್ನು ಮಾತ್ರ ಉಳಿಸಿದೆ. "ಸೊನ್ನೆಗೆ ಸಮವಲ್ಲ" ಅನ್ನುವುದಕ್ಕಿಂತ "-0.005 ಮತ್ತು 0.005ರ ನಡುವೆ ಇಲ್ಲ" ಅಂತ ಕೊಡುವುದು ಮೇಲು. ಆ ದಶಾಂಶದ ಚೂರು ಇಲ್ಲೂ ಬರುತ್ತದೆ. ಚಲನ್ 118ರ ಸಾಲಿನಲ್ಲಿ 18,400ಕ್ಕೆ ಎದುರು ಮೂರು ರಸೀದಿ ತಾವೇ ಕೂಡಿ ಸೊನ್ನೆಯಾಗಿ, ಸಾಲೇ ಮಾಯವಾಗಿತ್ತು. ಉಳಿದದ್ದು ಬರೀ ಆರು ಸಾಲು: 302ರ 4,500, ಇನ್ನೊಂದು ಚೆಕ್‌ನ 15,750, ಬಡ್ಡಿ 1,180, ಮೈನಸ್ ಶುಲ್ಕ 475, ಮೈನಸ್ 3,500, ಆಮೇಲೆ ಚೆಕ್ 305ರ ಮುಂದೆ 90.

ಆ 90 ನೋಡಿದ ಕೂಡಲೇ ನನಗೆ ನಗು ಬಂತು. ಲೆಕ್ಕ ಕಲಿಸಿದ ಹಿರಿಯರು ಹೇಳುತ್ತಿದ್ದರು: ವ್ಯತ್ಯಾಸ ಒಂಬತ್ತರಿಂದ ಭಾಗವಾದರೆ ಅಂಕಿ ಅದಲುಬದಲಾಗಿದೆಯಾ ನೋಡು. ಚೆಕ್ 5,670ಕ್ಕೆ, ನಾನು ಲೆಡ್ಜರ್‌ನಲ್ಲಿ ಬರೆದದ್ದು 5,760. ತಪ್ಪು ನನ್ನದೇ.

ಕೊನೆಯ ಲೆಕ್ಕ ಕಾಗದದ ಮೇಲೆಯೇ ಮಾಡಿದೆ. ಬ್ಯಾಂಕಿನ 2,31,925ರಲ್ಲಿ ಪಾಸಾಗದ 20,250 ಕಳೆದು, ದಾರಿಯಲ್ಲಿದ್ದ 3,500 ಕೂಡಿದರೆ 2,15,175. ಲೆಡ್ಜರ್‌ನ 2,14,380ಕ್ಕೆ ಬಡ್ಡಿ 1,180 ಮತ್ತು ತಿದ್ದುಪಡಿ 90 ಕೂಡಿ, ಶುಲ್ಕ 475 ಕಳೆದರೂ 2,15,175. ಲೆಡ್ಜರ್‌ನಲ್ಲಿ ಬರೆಯಬೇಕಾದ್ದು ಕೊನೆಯ ಮೂರು ಮಾತ್ರ. ಅವನ್ನು ಬರೆದು, ಪಾಸಾಗದ ಎರಡು ಚೆಕ್ ಮತ್ತು 3,500ರ ಸಾಲನ್ನು ಮುಂದಿನ ತಿಂಗಳ `Ledger` ಹಾಳೆಯ ತಲೆಗೆ ನಕಲು ಮಾಡಿಟ್ಟೆ. ಶಿಲ್ಕಿನ ಪರೀಕ್ಷೆ ಮಾಡುವಾಗ ಈ ಮೂರು ಸಾಲನ್ನು ಬಿಟ್ಟು ಕೂಡಬೇಕು ಅಂತ ಪಕ್ಕದಲ್ಲಿ ಕೆಂಪು ಬಣ್ಣದಲ್ಲಿ ಬರೆದುಕೊಂಡಿದ್ದೇನೆ.