ಮಾರಮ್ಮನ ಗುಡಿ ಕಟ್ಟಿದ್ದು ಯಾವಾಗ: ಹಿರಿಯರ ಮಾತನ್ನ ತಾಳೆ ನೋಡಿದ ನನ್ನ ಅನುಭವ

ನಮ್ಮ ತಾಯಿಯ ತವರೂರು ಮಂಡ್ಯ ಕಡೆ. ಅಲ್ಲಿ ಊರ ಹೊರಗಿರೋ ಮಾರಮ್ಮನ ಗುಡಿ ಬಗ್ಗೆ ಒಂದು ಸಣ್ಣ ಪುಸ್ತಕ ಮಾಡೋಣ ಅಂತ ಊರಿನವ್ರು ಕೇಳಿದಾಗ ಕೈಲಿದ್ದಿದ್ದು ಒಂದೇ ಮಾತು, "ಪ್ಲೇಗ್ ಬಂದಾಗ ಕಟ್ಟಿದ್ದು". ಬರೆದಿದ್ದು ಅಂತ ಏನೂ ಇಲ್ಲ, ಹಾಗಾಗಿ ಹಿರಿಯರ ಬಾಯಿಂದಾನೇ ಶುರು ಮಾಡ್ಬೇಕಾಯ್ತು.

ಮೊದಲು ತೀರ್ಮಾನ ಮಾಡಿದ್ದು ಏನಂದ್ರೆ ಅರಳಿಕಟ್ಟೆ ಮೇಲೆ ಎಲ್ಲರನ್ನೂ ಒಟ್ಟಿಗೆ ಕೂರಿಸಿ ಕೇಳಬಾರದು ಅಂತ. ಯಾಕಂದ್ರೆ ಯಜಮಾನ್ರು ಒಂದು ಮಾತು ಹೇಳಿದ್ಮೇಲೆ ಮಿಕ್ಕವರು "ಹೂಂ ಹಂಗೇ" ಅಂದ್ಬಿಡ್ತಾರೆ, ಆಮೇಲೆ ಐದು ಜನ ಹೇಳಿದ್ರೂ ಅದು ಒಂದೇ ಸಾಕ್ಷಿ. ಒಬ್ಬೊಬ್ಬರ ಮನೆಗೇ ಹೋಗಿ, ರೆಕಾರ್ಡ್ ಮಾಡ್ಲಾ ಅಂತ ಕೇಳಿ, ಮೊಬೈಲ್ ಪಕ್ಕದಲ್ಲಿಟ್ಟು ಮಾತಾಡಿದೆ. ಪೂಜಾರಿ ಮನೆ, ಗೌಡರ ಕೇರಿ, ಹೊಲಗೇರಿ ಮೂರೂ ಕಡೆ ಬೇರೆ ಬೇರೆಯಾಗಿ, ಯಾಕಂದ್ರೆ ಹಬ್ಬದಲ್ಲಿ ಒಬ್ಬೊಬ್ಬರ ಪಾಲು ಒಂದೊಂದು, ನೆನಪಿರೋದೂ ಅದೇ ಥರ.

ಇನ್ನೊಂದು, "ಯಾವ ಇಸವಿ" ಅಂತ ಕೇಳ್ಲಿಲ್ಲ. ಕೇಳಿದ್ರೆ "ನೂರೈವತ್ತು ವರ್ಷ ಆಗಿರ್ಬೋದು ಕಣಪ್ಪ" ಅಂತ ಒಂದು ಅಂದಾಜು ಬರುತ್ತೆ, ಅದರಿಂದ ಏನೂ ಉಪಯೋಗ ಇಲ್ಲ. "ಪ್ಲೇಗಲ್ಲೇ ಅಲ್ವಾ?" ಅಂತಾನೂ ಕೇಳಬಾರದು, ನಾವೇ ಉತ್ತರ ಬಾಯಿಗಿಟ್ಟಂಗೆ. ನಿಮ್ಮ ಮದುವೆಗೆ ಮುಂಚೆನಾ ಆಮೇಲಾ, ಊರಿಗೆ ಕರೆಂಟ್ ಬಂದಿತ್ತಾ, ಮೊದಲನೇ ಮಗು ಆಗಿತ್ತಾ, ಹೀಗೆ ಕೇಳ್ತಾ ಹೋದೆ. ಪ್ರತಿ ಮಾತಿನ ಮುಂದೆ ನೋಟ್‌ಬುಕ್‌ನಲ್ಲಿ "ಕಂಡಿದ್ದು" ಅಥವಾ "ಕೇಳಿದ್ದು" ಅಂತ ಬರ್ಕೊಂಡೆ. ಕೇಳಿದ್ದಾದ್ರೆ ಯಾರಿಂದ, ಅವರು ಆಗ ಹುಟ್ಟಿದ್ರಾ ಅನ್ನೋದೂ ಬೇಕು.

ಗುಡಿ ಬಾಗಿಲ ಮೇಲಿನ ಕಲ್ಲಲ್ಲಿ ಸುಣ್ಣದ ಅಡಿ ಏನೋ ಅಕ್ಷರ ಇತ್ತು. ಪೂಜಾರಪ್ಪನ ಒಪ್ಪಿಗೆ ತಗೊಂಡು ನೀರು ಹಚ್ಚಿ ಬಟ್ಟೆಯಲ್ಲಿ ಒರೆಸಿ, ಕತ್ತಲಾದ್ಮೇಲೆ ಟಾರ್ಚ್ ಅಡ್ಡಡ್ಡಲಾಗಿ ಹಿಡಿದು ಫೋಟೋ ತೆಗೆದಾಗ ಓದಕ್ಕೆ ಬಂತು: "ವಿಳಂಬಿ ಸಂ॥ ಚೈತ್ರ ಶು". ಶಕವರ್ಷ ಇಲ್ಲ, ತೊಂದರೆ ಶುರುವಾಗೋದೇ ಅಲ್ಲಿ. ಸಂವತ್ಸರ ಅರವತ್ತು ವರ್ಷಕ್ಕೊಮ್ಮೆ ತಿರುಗಿ ಬರುತ್ತೆ, ವಿಳಂಬಿ ಅಂದ್ರೆ 1898 ಆಗ್ಬೋದು 1958 ಆಗ್ಬೋದು. ಶಕ 1820 ಅಂತ ಇದ್ದಿದ್ರೆ 78 ಕೂಡಿಸಿ 1898 ಅಂತ ಒಂದೇ ಏಟಿಗೆ ಗೊತ್ತಾಗ್ತಿತ್ತು.

1898 ಅಂದ ತಕ್ಷಣ ಊರಿನವ್ರಿಗೆಲ್ಲ ಖುಷಿ, ಪ್ಲೇಗ್ ವರ್ಷ ಅದೇ ತಾನೇ ಅಂತ. ಆದ್ರೆ ಬೆಂಗಳೂರಿಗೇ ಪ್ಲೇಗ್ ಬಂದಿದ್ದು ಆ ವರ್ಷ ಆಗಸ್ಟ್‌ನಲ್ಲಿ, ವಿಳಂಬಿ ಚೈತ್ರ ಅಂದ್ರೆ ಯುಗಾದಿ ಹೊತ್ತು, ಪ್ಲೇಗಿಗಿಂತ ತಿಂಗಳುಗಟ್ಟಲೆ ಮುಂಚೆ. ಕಲ್ಲೂ ಕಥೆಯೂ ಕೂಡೋದೇ ಇಲ್ಲ.

ಗಂಟು ಬಿಚ್ಚಿದ್ದು ತೊಂಬತ್ತರ ಹತ್ತಿರದ ಒಬ್ಬ ಅಜ್ಜಿ. ಗಾಂಧಿ ಸತ್ತ ಮಾರನೇ ವರ್ಷ ಮದುವೆಯಾಗಿ ಬಂದವರು, ಅಂದ್ರೆ 1949. "ನಾ ಬಂದಾಗ ಅಮ್ಮಂಗೆ ಹುಲ್ಲಿನ ಜೋಪ್ಡಿ ಕಣಪ್ಪ, ಕಲ್ಲನ್ನ ಗಾಡೀಲಿ ತಂದಾಗ ಎರಡನೇ ಮಗ ಹೊಟ್ಟೇಲಿದ್ದ" ಅಂದ್ರು. ಇದು ಕಂಡಿದ್ದು. ಮಗನ ಸ್ಕೂಲ್ ಟಿಸಿಯಲ್ಲಿ 1958 ಅಂತಿತ್ತು, ಆದ್ರೆ ಆ ಕಾಲದ ಟಿಸಿ ನಂಬೋದು ಕಷ್ಟ, ಸೇರಿಸಿಕೊಳ್ಳುವಾಗ ಮೇಷ್ಟ್ರು ವಯಸ್ಸು ಅಂದಾಜು ಮಾಡಿ ಹುಟ್ಟಿದ ದಿನ ಬರೆದಿರೋದೇ ಜಾಸ್ತಿ. ಅದಕ್ಕೇ ಅವರ ಮನೆಯವರ ಕೈಲೇ ಅರ್ಜಿ ಹಾಕಿಸಿ ಜನನ ರಿಜಿಸ್ಟರ್ ನಕಲು ತೆಗೆಸಿದ್ವಿ. ಮಗುವಿನ ಹೆಸರು ಖಾಲಿ, ಅಪ್ಪನ ಹೆಸರು ಊರು ಸರಿ, ತಿಂಗಳು ಆಗಸ್ಟ್ 1958. ಚೈತ್ರಕ್ಕೆ ಬಸುರಿ ಅನ್ನೋದು ಸರಿಹೋಯ್ತು. ಕಲ್ಲಿನ ಗುಡಿ 1958ರದ್ದು.

ಹಾಗಂತ ಪ್ಲೇಗಿನ ಕಥೆ ಸುಳ್ಳು ಅಂತ ತಳ್ಳಿಹಾಕೋಕೆ ಆಗಲ್ಲ. ಗೌಡರ ಕೇರಿಯಲ್ಲೂ ಹೊಲಗೇರಿಯಲ್ಲೂ ಬೇರೆ ಬೇರೆಯಾಗಿ ಕೇಳಿದಾಗ, ಊರು ಬಿಟ್ಟು ಗುಡ್ಲು ಹಾಕ್ಕೊಂಡಿದ್ದ ಹೊಲ ಅಂತ ಎರಡೂ ಕಡೆಯವರು ತೋರಿಸಿದ್ದು ಒಂದೇ ಜಾಗ. ಆದ್ರೆ ಪ್ಲೇಗ್ ಒಂದೇ ಸಲ ಬಂದು ಹೋಗಿದ್ದಲ್ಲ, ಆಮೇಲೆ ಎಷ್ಟೋ ವರ್ಷ ಮತ್ತೆ ಮತ್ತೆ ಬಂತು, ಇವರು ಹೇಳೋದು ಯಾವ ಸಲದ್ದು ಅಂತ ತಂತಮ್ಮ ಅಜ್ಜಿಯರಿಂದ ಕೇಳಿದ ಮಾತಲ್ಲಿ ಗೊತ್ತಾಗಲ್ಲ. ಹೊಲಗೇರಿಯ ಹಿರಿಯರು ಇನ್ನೊಂದು ಹೇಳಿದ್ರು, ಅಮ್ಮನ ಕಲ್ಲು ಪ್ಲೇಗಿಗೂ ಮುಂಚೆ ಅಲ್ಲೇ ಇತ್ತು, ಮೊದಲ ಪೂಜೆ ತಮ್ಮವರದ್ದು ಅಂತ. ಪೂಜಾರಿ ಮನೆಯವರು ಇದನ್ನ ಒಪ್ಪಲ್ಲ. ಯಾವ ಕಡೆಗೂ ಕಾಗದ ಸಿಗ್ಲಿಲ್ಲ.

ಪುಸ್ತಕದಲ್ಲಿ ಕಟ್ಟಡ 1958 ಅಂತ ಖಚಿತವಾಗಿ ಬರೆದೆ, ಪ್ಲೇಗಿನ ಮಾತನ್ನ ಇಸವಿ ಹಾಕದೆ "ಎರಡು ಕೇರಿಯವರೂ ಹೇಳ್ತಾರೆ" ಅಂತ ಬರೆದೆ, ಮೊದಲ ಪೂಜೆ ವಿಷಯದಲ್ಲಿ ಎರಡೂ ಮಾತನ್ನ ಅಕ್ಕಪಕ್ಕ ಇಟ್ಟೆ. ಒಂದು ಮಾತು ತೆಗೀರಿ ಅಂತ ಒತ್ತಾಯ ಬಂತು, ತೆಗೀಲಿಲ್ಲ. ಅಚ್ಚಿಗೆ ಕೊಡೋ ಮುಂಚೆ ಅವರವರ ಭಾಗ ಅವರವರ ಮನೆಯಲ್ಲಿ ಓದಿ ಹೇಳಿ, ರೆಕಾರ್ಡಿಂಗ್ ಕಾಪಿಯನ್ನ ಮೊಮ್ಮಕ್ಕಳ ಫೋನಿಗೆ ಹಾಕಿಕೊಟ್ಟೆ.